ಒಂದು ಶೆಡ್ಡು, ಮೂರು ದಾಸ್ತಾನು: ಬೀಳಗಿ ತಾಲ್ಲೂಕಿನ ಹೊಲವೊಂದರಲ್ಲಿ ಕಡಲೆ ಬೀಜ ಕೆಟ್ಟ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಎಂಟು ಎಕರೆ ಹೊಲದ ಪ್ರಕರಣ ಇದು. ಒಂದು ಎಕರೆ ಕಬ್ಬು, ಮೂರು ಎಕರೆಯಲ್ಲಿ ಮುಂಗಾರಿಗೆ ನೀರಾವರಿ ಗೋವಿನಜೋಳ. ಉಳಿದ ನಾಲ್ಕು ಎಕರೆ ಎರೆಭೂಮಿ, ಅದರಲ್ಲಿ ಹಿಂಗಾರಿಗೆ ಕಡಲೆ. ಗೊಬ್ಬರ, ಬೀಜ, ಔಷಧಿ ಇಡಲು ಇದ್ದದ್ದು ಒಂದೇ ಜಾಗ. ಬಾವಿ ಪಕ್ಕದಲ್ಲಿರುವ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಪತ್ರಾಸ್ ಶೆಡ್ಡು, ಒಳಗೆ ಮಣ್ಣಿನ ನೆಲ.

ನಾನು ಈ ಭಾಗದ ರೈತರ ಹೊಲಗಳಿಗೆ ಹೋಗಿ ಬೆಳೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಕಡಲೆ ಬಿತ್ತಿ ಹನ್ನೆರಡು ದಿನ ಆದ ಮೇಲೆ ಆ ಮನೆಯ ಹಿರಿಯರು ಫೋನ್ ಮಾಡಿದರು. ಅವರನ್ನು ಕಾಕಾ ಎಂದೇ ಕರೆಯುವುದು ನನಗೆ ರೂಢಿ. "ತಮ್ಮಾ, ಕಡ್ಲಿ ಎದ್ದಿಲ್ಲ ನೋಡು. ಬ್ಯಾನಿ ಬಿತ್ತೋ, ಹಸಿ ಸಾಲಲಿಲ್ಲೋ, ತಿಳೀವಲ್ತು. ಒಮ್ಮೆ ಬಂದು ಹೋಗಪ್ಪ" ಎಂದರು.

ಹೋಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೊಲದ ಮೂರು ಬಣ್ಣ. ಬಿತ್ತನೆ ಶುರು ಮಾಡಿದ ಕಡೆ ಒಂದೂವರೆ ಎಕರೆ ಹೆಚ್ಚುಕಡಿಮೆ ಬೋಳು. ನಡುವಿನ ಎರಡು ಎಕರೆ ಅಲ್ಲಲ್ಲಿ ಹರುಕು. ಕೊನೆಯ ಅರ್ಧ ಎಕರೆ ಪಟ್ಟಿ ಮಾತ್ರ ಒತ್ತಾಗಿ ಹಸಿರಾಗಿತ್ತು. ಮೀಟರ್ ಉದ್ದದ ಕೋಲು ಸಾಲಿನ ಮೇಲಿಟ್ಟು ಸಸಿ ಎಣಿಸಿದೆವು. ಗಿಡದಿಂದ ಗಿಡಕ್ಕೆ ಹತ್ತು ಸೆಂಟಿಮೀಟರ್ ಅಂತರ ಅಂದರೆ ಮೀಟರಿಗೆ ಹತ್ತು ಸಸಿ ಇರಬೇಕು. ಮೊದಲ ಭಾಗದಲ್ಲಿ ಮೂರು ನಾಲ್ಕು, ನಡುವೆ ಏಳು, ಕೊನೆಯ ಪಟ್ಟಿಯಲ್ಲಿ ಒಂಬತ್ತು ಸಿಕ್ಕವು.

ರೋಗ ಬಂದರೆ ಹೊಲದಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ, ಹೆಚ್ಚಾಗಿ ತಗ್ಗಿನ ಕಡೆಯಿಂದ ಶುರುವಾಗುತ್ತದೆ. ಹಸಿ ಕಡಿಮೆಯಾದರೆ ದಿಬ್ಬದ ಕಡೆಯ ಸಸಿ ಹೋಗುತ್ತದೆ. ಇಲ್ಲಿ ತಗ್ಗು ದಿಬ್ಬ ಯಾವುದೂ ನೋಡದೆ, ಸಾಲಿನ ಗುಂಟ ಗೆರೆ ಎಳೆದ ಹಾಗೆ ವ್ಯತ್ಯಾಸ ಇತ್ತು. ಒಂದೇ ದಿನ, ಒಂದೇ ಕೂರಿಗೆ, ಒಂದೇ ಆಳ. ಹಾಗಾದರೆ ಬದಲಾಗಿದ್ದು ಏನು? ಬೀಜದ ಚೀಲ.

ಬಿತ್ತಿದ ದಿನ ಏನಾಯಿತು ಅಂತ ಕಾಕಾನ ಮಗ ಹೇಳಿದ. ಹಿಂದಿನ ಫೆಬ್ರುವರಿಯಲ್ಲಿ ಕೊಯ್ದ ಜೆಜಿ-11 ಕಡಲೆಯನ್ನು ಬೀಜಕ್ಕೆ ಅಂತ ಅರವತ್ತು ಕಿಲೋದ ಎರಡು ಚೀಲ ಕಟ್ಟಿ ಶೆಡ್ಡಿನಲ್ಲಿ ಇಟ್ಟಿದ್ದರು. ಬೇಳೆಗೆ ಬೇಕು ಅಂತ ಅದೇ ರಾಶಿಯ ಇನ್ನೊಂದು ಸಣ್ಣ ಚೀಲ ಮನೆಯಲ್ಲಿ ಮಂಚದ ಕೆಳಗೆ ಇತ್ತು. ಬಿತ್ತನೆಗೆ ಮೊದಲು ಬಿಚ್ಚಿದ್ದು ಶೆಡ್ಡಿನ ಮೂಲೆಯ ಚೀಲ. ಮೂರರಲ್ಲಿ ಎರಡು ಪಾಲು ಬಿತ್ತುವಷ್ಟರಲ್ಲಿ ಅದರ ತಳ ಅಂಟಂಟಾಗಿ, ವಾಸನೆ ಬರುತ್ತಿರುವುದು ಕಂಡಿತು. ಅದನ್ನು ಬದಿಗಿಟ್ಟು ಎರಡನೇ ಚೀಲ ಬಿಚ್ಚಿದರು. ಕೂರಿಗೆ ಎಕರೆಗೆ ಇಪ್ಪತ್ತೈದು ಕಿಲೋಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡುತ್ತಿತ್ತು, ಹಾಗಾಗಿ ಅದೂ ಸಾಲದೆ ಹೋಯಿತು. ಕೊನೆಯ ಪಟ್ಟಿಗೆ ಮನೆಯ ಚೀಲದ ಕಡಲೆ ಹಾಕಿದರು. ಅಂದರೆ ಒಂದೇ ರಾಶಿಯ ಬೀಜ ಎಂಟು ತಿಂಗಳು ಮೂರು ಬೇರೆ ಬೇರೆ ಜಾಗದಲ್ಲಿದ್ದು, ಒಂದೇ ದಿನ ಮಣ್ಣಿಗೆ ಬಿದ್ದಿತ್ತು. ಇಂಥ ಹೋಲಿಕೆ ಬೇಕೆಂದರೂ ಸಿಗುವುದಿಲ್ಲ.

ಶೆಡ್ಡಿನ ಬಾಗಿಲು ತೆಗೆದಾಗ ಮೂಲೆ ಚೀಲ ಎಲ್ಲಿತ್ತು ಅಂತ ಕೇಳಿದೆ. ಅದರ ಪಕ್ಕದಲ್ಲೇ ಕಸ ಸಾಯಿಸುವ 2,4-ಡಿ ಔಷಧಿಯ ಐದು ಲೀಟರಿನ ಕ್ಯಾನ್ ನಿಂತಿತ್ತು. ಮಾರ್ಚ್‌ನಲ್ಲಿ ಕಬ್ಬಿಗೆ ತಂದದ್ದು. ಮುಚ್ಚಳ ಪೂರ್ತಿ ಬಿಗಿದಿರಲಿಲ್ಲ. ಕ್ಯಾನಿನ ಕುತ್ತಿಗೆಯಿಂದ ಕೆಳಗಿನವರೆಗೆ ಕಂದು ಬಣ್ಣದ ಎಣ್ಣೆ ಗೆರೆ ಇಳಿದು, ಲೇಬಲ್ಲಿನ ಅರ್ಧ ನೆನೆದು ಹೋಗಿತ್ತು. ಉಳಿದ ಅರ್ಧದಲ್ಲಿ "ಎಥೈಲ್ ಎಸ್ಟರ್ 38% ಇಸಿ" ಎಂದು ಓದಲು ಬರುತ್ತಿತ್ತು.

ಆ ಒಂದು ಸಾಲು ಇಲ್ಲಿ ಮುಖ್ಯ. 2,4-ಡಿ ಸಾಲ್ಟ್ ರೂಪದಲ್ಲೂ ಬರುತ್ತದೆ, ಎಸ್ಟರ್ ರೂಪದಲ್ಲೂ ಬರುತ್ತದೆ. ಸೋಡಿಯಂ ಸಾಲ್ಟ್, ಅಮೈನ್ ಸಾಲ್ಟ್ ಅಷ್ಟಾಗಿ ಆವಿಯಾಗುವುದಿಲ್ಲ. ಎಥೈಲ್ ಎಸ್ಟರ್ ಆವಿಯಾಗುತ್ತದೆ, ಬಿಸಿ ಏರಿದಷ್ಟೂ ಜಾಸ್ತಿ ಆವಿಯಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೇ ನಲವತ್ತು ಡಿಗ್ರಿ ದಾಟುತ್ತದೆ. ಕಿಟಕಿ ಇಲ್ಲದ ಪತ್ರಾಸ್ ಶೆಡ್ಡಿನ ಒಳಗೆ ಅದಕ್ಕಿಂತಲೂ ಹೆಚ್ಚು. ಈ ಔಷಧಿ ಹುಲ್ಲಿನ ಜಾತಿಯ ಕಬ್ಬು, ಜೋಳ, ಗೋವಿನಜೋಳವನ್ನು ಬಿಟ್ಟು ಅಗಲ ಎಲೆಯ ಕಸವನ್ನು ಸಾಯಿಸುತ್ತದೆ. ಕಡಲೆ, ತೊಗರಿ, ಹತ್ತಿ, ಸೂರ್ಯಕಾಂತಿ ಎಲ್ಲವೂ ಅಗಲ ಎಲೆಯವೇ. ಅವುಗಳ ಬೀಜಕ್ಕೆ ಇದರ ಸ್ವಲ್ಪ ಅಂಶ ತಾಗಿದರೂ ಸಾಕು.

ಕ್ಯಾನಿನ ಮೇಲಿನ ಬಣ್ಣದ ತ್ರಿಕೋನ ನೋಡಿ ರೈತರು ಅಪಾಯ ಅಳೆಯುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ದರ್ಜೆ. ಅದು ಮನುಷ್ಯನ ಮೈಗೆ ಸೇರಿದರೆ ಎಷ್ಟು ವಿಷ ಅನ್ನುವ ಲೆಕ್ಕ. ಪಕ್ಕದಲ್ಲಿರುವ ಬೀಜಕ್ಕೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಹಸಿರು ತ್ರಿಕೋನದ ಕಳೆನಾಶಕವೂ ಬೀಜದ ಚೀಲವನ್ನು ಕೆಡಿಸಬಹುದು. ಬೇರ್ಪಡಿಸಿ ಇಡುವಾಗ ತ್ರಿಕೋನದ ಜೊತೆಗೆ ಅದು ಕಸದ ಔಷಧಿಯೋ, ಹುಳದ ಔಷಧಿಯೋ, ಶಿಲೀಂಧ್ರದ ಔಷಧಿಯೋ ಅಂತಲೂ ನೋಡಬೇಕಾದದ್ದು ಇದಕ್ಕೇ.

ಅನುಮಾನ ಬಂತು ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಹೇಳಲು ಬರುವುದಿಲ್ಲ. ಮೂಲೆ ಚೀಲದಲ್ಲಿ ಇಪ್ಪತ್ತು ಕಿಲೋ ಬೀಜ ಉಳಿದಿತ್ತು, ಎರಡನೇ ಚೀಲದ ತಳದಲ್ಲಿ ಒಂದು ಸೇರು, ಮನೆಯ ಚೀಲದಲ್ಲೂ ಸ್ವಲ್ಪ ಇತ್ತು. ಮೂರರಿಂದಲೂ ಆರಿಸದೆ ನೂರು ನೂರು ಕಾಳು ತೆಗೆದೆವು. ಮೂಲೆ ಚೀಲದ ಕಾಳು ಮುಟ್ಟುವಾಗ ಕೈಗವಸು ಹಾಕಿಕೊಂಡಿದ್ದೆವು. ಒದ್ದೆ ಮಾಡಿ ಹಿಂಡಿದ ಹಳೆ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲು ಮಾಡಿ, ಸುರುಳಿ ಸುತ್ತಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ ನೆರಳಲ್ಲಿ ಇಟ್ಟೆವು. ಮೂರು ಸುರುಳಿಯನ್ನೂ ಒಂದೇ ಪಾತ್ರೆಯಲ್ಲಿ ಇಡಲಿಲ್ಲ. ಇಟ್ಟಿದ್ದರೆ ಒಂದರ ಔಷಧಿ ಇನ್ನೊಂದಕ್ಕೆ ತಾಗಿ ಪರೀಕ್ಷೆಯೇ ಹಾಳಾಗುತ್ತಿತ್ತು.

ಎಂಟನೇ ದಿನ ಬಿಚ್ಚಿದೆವು. ಮನೆಯ ಚೀಲದ ನೂರರಲ್ಲಿ ತೊಂಬತ್ತು ಕಾಳು ನೆಟ್ಟಗೆ ಮೊಳೆತಿದ್ದವು. ಎರಡನೇ ಚೀಲದಲ್ಲಿ ಎಪ್ಪತ್ತೊಂದು. ಅದರಲ್ಲಿ ಮೊಳೆಯದ ಕಾಳು ಬಹುತೇಕ ಮೆತ್ತಗಾಗಿ ಬೂಸ್ಟು ಹಿಡಿದಿತ್ತು. ಮೂಲೆ ಚೀಲದಲ್ಲಿ ಸರಿಯಾದ ಮೊಳಕೆ ಮೂವತ್ತೆಂಟು ಮಾತ್ರ. ಇನ್ನು ನಲವತ್ತು ಕಾಳು ಮೊಳೆತಿದ್ದವು, ಆದರೆ ಬೇರು ಅರ್ಧ ಇಂಚಿಗೇ ನಿಂತು, ತುದಿ ದಪ್ಪವಾಗಿ ಊದಿ, ಮೊಳಕೆ ಕೊಂಡಿಯ ಹಾಗೆ ಮುರುಟಿಕೊಂಡಿತ್ತು.

ಈ ಎರಡು ಕೇಡುಗಳ ನಡುವಿನ ಫರಕು ಗಮನಿಸಿ. ಬಿಸಿ ಮತ್ತು ತೇವದಿಂದ ಮುಪ್ಪಾದ ಬೀಜ ಸಾಯುತ್ತದೆ, ಇಲ್ಲವೇ ತಡವಾಗಿ ಸೊರಗಿ ಮೊಳೆಯುತ್ತದೆ. 2,4-ಡಿ ತಾಗಿದ ಬೀಜಕ್ಕೆ ಜೀವ ಇರುತ್ತದೆ, ಮೊಳೆಯುತ್ತದೆ, ಆದರೆ ಬೇರು ಊದಿ ತಿರುಚಿಕೊಳ್ಳುತ್ತದೆ. ಈ ಔಷಧಿ ಕಸದ ಗಿಡದ ಮೇಲೆ ಮಾಡುವ ಕೆಲಸವೂ ಇದೇ. ಎರಡನೇ ಚೀಲಕ್ಕೆ ಮುಖ್ಯವಾಗಿ ಪತ್ರಾಸಿನ ಕಾವು ಹೊಡೆದಿತ್ತು. ಮೂಲೆ ಚೀಲಕ್ಕೆ ಕಾವಿನ ಜೊತೆಗೆ ಔಷಧಿಯೂ ಹೊಡೆದಿತ್ತು. ಬಟ್ಟೆ ಸುರುಳಿಯಿಂದ ಇಷ್ಟು ತಿಳಿಯುತ್ತದೆ. ಔಷಧಿ ಎಷ್ಟು ಪ್ರಮಾಣದಲ್ಲಿ ಸೇರಿದೆ ಅನ್ನುವುದು ಲ್ಯಾಬಿನಲ್ಲಿ ಮಾತ್ರ ಗೊತ್ತಾಗುವ ವಿಷಯ.

ಕೆಟ್ಟ ಬೀಜ ಏನು ಮಾಡಬೇಕು ಅನ್ನುವ ಪ್ರಶ್ನೆ ಬಂದಾಗ ಅವ್ವ, "ಎತ್ತಿಗೆ ನುಚ್ಚು ಮಾಡಿ ಹಾಕಿದ್ರಾತು ಬಿಡ್ರಿ, ಸುಮ್ನ ಚೆಲ್ಲೋದು ಯಾಕ" ಎಂದರು. ಇಪ್ಪತ್ತು ಕಿಲೋ ಕಡಲೆ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ಇಲ್ಲಿ ನಾನು ಗಟ್ಟಿಯಾಗಿಯೇ ಬೇಡ ಎಂದೆ. ಔಷಧಿ ಕುಡಿದ ಕಾಳನ್ನು ತೊಳೆದರೂ ಹುರಿದರೂ ಅದು ತಿನ್ನುವ ಕಾಳಾಗುವುದಿಲ್ಲ. ದನಕ್ಕೂ ಬೇಡ, ಕೋಳಿಗೂ ಬೇಡ, ಸಂತೆಗಂತೂ ಬೇಡವೇ ಬೇಡ. ಬಾವಿ, ಹಳ್ಳದಿಂದ ದೂರ ಇರುವ ಬದುವಿನ ಬಳಿ ಆಳವಾಗಿ ಗುಂಡಿ ತೋಡಿ, ಕಾಳನ್ನು ಮಣ್ಣಿನ ಜೊತೆ ಬೆರೆಸಿ ಮುಚ್ಚಿಸಿದೆವು. 2,4-ಡಿ ಹಸಿ ಮಣ್ಣಿನಲ್ಲಿ ಬೇಗ ಒಡೆದು ಹೋಗುವ ಔಷಧಿ, ಹಾಗಾಗಿ ಇಷ್ಟು ಸಣ್ಣ ಪ್ರಮಾಣಕ್ಕೆ ಈ ದಾರಿ ನಡೆಯುತ್ತದೆ. ಗೋವಿನಜೋಳದ ಪಾಕೀಟಿನಲ್ಲಿ ಉಳಿಯುವ ಬಣ್ಣ ಹಚ್ಚಿದ ಬೀಜವನ್ನೂ ಹೀಗೆಯೇ ಯಾರಿಗೂ ತಿನ್ನಿಸಬಾರದು. ಆ ಗುಲಾಬಿ ಬಣ್ಣ ಇರುವುದೇ ಇದನ್ನು ತಿನ್ನಬಾರದು ಅಂತ ತೋರಿಸಲು.

ಶೆಡ್ಡಿನ ನೆಲದ ಕಲೆಗೆ ನೀರು ಹಾಕಿ ತೊಳೆಯಲು ಮಗ ಹೊರಟಿದ್ದ. ಹಾಗೆ ಮಾಡಿದರೆ ಔಷಧಿ ಬಾವಿ ಕಡೆಗೇ ಹರಿಯುತ್ತದೆ. ಒಣ ಮಣ್ಣು ಸುರಿದು, ಎಣ್ಣೆ ಹೀರಲು ಬಿಟ್ಟು, ನೆಲದ ಮೇಲಿನ ಮೂರು ಇಂಚು ಮಣ್ಣಿನ ಸಮೇತ ಸಲಿಕೆಯಿಂದ ತೆಗೆಸಿ ಅದನ್ನೂ ಅದೇ ಗುಂಡಿಗೆ ಹಾಕಿದೆವು. ಬೋಳಾದ ಒಂದೂವರೆ ಎಕರೆಗೆ ರೈತ ಸಂಪರ್ಕ ಕೇಂದ್ರದಿಂದ ಬೀಜ ತಂದು, ಭೂಮಿಯಲ್ಲಿ ಹಸಿ ಇರುವಾಗಲೇ ಮತ್ತೆ ಬಿತ್ತಿದರು. ಮೀಟರಿಗೆ ಏಳು ಸಸಿ ಇದ್ದ ನಡುವಿನ ಭಾಗವನ್ನು ಕೆದಕಲಿಲ್ಲ. ಕಡಲೆ ಜಾಗ ಸಿಕ್ಕರೆ ಕವಲೊಡೆದು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ.

ಬೀಜದ ಚೀಲ ಆ ಮೂಲೆಗೆ ಹೋದದ್ದು ಯಾಕೆ? ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಪ್ರಶ್ನೆಯೇ. ಫೆಬ್ರುವರಿಯಲ್ಲಿ ಚೀಲ ಬಾಗಿಲ ಹತ್ತಿರ, ಹಲಗೆಯ ಮೇಲೆ ಇತ್ತಂತೆ. ಮೇ ತಿಂಗಳಲ್ಲಿ ಇಪ್ಪತ್ತು ಚೀಲ ಯೂರಿಯಾ, ಆರು ಚೀಲ ಡಿಎಪಿ ಬಂದಿಳಿದವು. ಹಲಗೆ ಯೂರಿಯಾಕ್ಕೆ ಹೋಯಿತು. ಬೀಜ ಮೂಲೆಗೆ, ಕ್ಯಾನಿನ ಪಕ್ಕಕ್ಕೆ ಸರಿಯಿತು. ಕ್ಯಾನಿನ ಕಥೆಯೂ ಇದೇ. ಒಂದು ಎಕರೆ ಕಬ್ಬಿಗೆ ಬೇಕಿದ್ದದ್ದು ಎರಡು ಲೀಟರ್. ದೊಡ್ಡ ಕ್ಯಾನ್ ಅಗ್ಗ ಅಂತ ಐದು ಲೀಟರ್ ತಂದದ್ದು. ಉಳಿದ ಮೂರು ಲೀಟರ್ ಬೇಸಿಗೆ ಪೂರ್ತಿ ಅಲ್ಲೇ ಕುದಿಯಿತು.

ಹಾಗಾಗಿ ಲೆಕ್ಕದಿಂದಲೇ ಶುರು ಮಾಡಿದೆವು. ಅವರ ಮಣ್ಣು ಆರೋಗ್ಯ ಚೀಟಿ ಮತ್ತು ಬೆಳೆ ಇಟ್ಟುಕೊಂಡು ಗೋವಿನಜೋಳಕ್ಕೆ ಎಕರೆಗೆ 60 ಕಿಲೋ ಸಾರಜನಕ, 23 ಕಿಲೋ ರಂಜಕ ಅಂತ ಹಿಡಿದೆವು. ಐವತ್ತು ಕಿಲೋದ ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ ಇರುತ್ತದೆ. ಅಲ್ಲಿಗೆ ರಂಜಕ ಮುಗಿಯಿತು. ಉಳಿದ 51 ಕಿಲೋ ಸಾರಜನಕ ಯೂರಿಯಾದಿಂದ ಬರಬೇಕು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು, ಅಂದರೆ ಎಕರೆಗೆ 111 ಕಿಲೋ, ಮೂರು ಎಕರೆಗೆ 333 ಕಿಲೋ. ಈಗ ಯೂರಿಯಾ ಚೀಲ 45 ಕಿಲೋದ್ದು. ಎಂಟು ಚೀಲದ ಒಳಗೆ ಮುಗಿಯಿತು. ಕಬ್ಬಿಗೆ ಮಣ್ಣೇರಿಸುವಾಗ ಇನ್ನೆರಡು ಚೀಲ. ಒಟ್ಟು ಹತ್ತು. ತಂದದ್ದು ಇಪ್ಪತ್ತು!

ಕಾಕಾ ಇದಕ್ಕೆ ಕೊಟ್ಟ ಕಾರಣವನ್ನು ತಳ್ಳಿಹಾಕುವಂತಿಲ್ಲ. "ಜುಲೈದಾಗ ಗೊಬ್ಬರ ಸಿಗೂದಿಲ್ಲ ತಮ್ಮಾ, ಸೊಸೈಟಿ ಮುಂದ ನಸುಕಿನ್ಯಾಗ ಪಾಳಿ ಹಚ್ಚಬೇಕು" ಎಂದರು. ಅದು ನಿಜ. ಆದ್ದರಿಂದ ಬೇಕಾದಾಗ ಮಾತ್ರ ತನ್ನಿ ಅಂತ ನಾನು ಹೇಳಲಿಲ್ಲ. ಈಗ ಹಾಕುವುದು ಮತ್ತು ಅದರ ಮುಂದಿನ ಒಂದು ಕಂತು, ಇಷ್ಟು ಶೆಡ್ಡಿನಲ್ಲಿ ಇರಲಿ ಎಂದೆ. ಗೋವಿನಜೋಳದ ಎಂಟು ಚೀಲದಲ್ಲಿ ಬಿತ್ತುವಾಗ ಎರಡು, ಮೊಣಕಾಲೆತ್ತರ ಬಂದಾಗ ಮೂರು, ಸೂಲಂಗಿ ಬರುವ ಹೊತ್ತಿಗೆ ಮೂರು. ಮೇ ಕೊನೆಗೆ ಬಿತ್ತನೆಯ ಎರಡು, ಕಬ್ಬಿನ ಎರಡು, ಮುಂದಿನ ಕಂತಿನ ಮೂರು ಸೇರಿ ಏಳು ಚೀಲ ಇದ್ದರೆ ಪಾಳಿಯ ಚಿಂತೆ ಇಲ್ಲ. ಬಿತ್ತಿ, ಕಬ್ಬಿಗೂ ಹಾಕಿದ ಮೇಲೆ ಉಳಿಯುವುದು ಮೂರು. ಕೊನೆಯ ಮೂರು ತರಲು ಅಲ್ಲಿಂದ ಒಂದು ತಿಂಗಳು ಕಾಲಾವಕಾಶ ಇರುತ್ತದೆ. ಕಡಲೆಯ ಡಿಎಪಿಯನ್ನು ಮೇನಲ್ಲಿ ತರುವ ಅಗತ್ಯವೇ ಇಲ್ಲ, ಸೆಪ್ಟೆಂಬರ್‌ನಲ್ಲಿ ತಂದರೆ ಸಾಕು.

ಹೆಚ್ಚಾಗಿ ತಂದ ಯೂರಿಯಾವೂ ನೆಟ್ಟಗೆ ಉಳಿದಿರಲಿಲ್ಲ. ಗಾಳಿಯ ತೇವ ನೂರಕ್ಕೆ ಎಪ್ಪತ್ತು ಎಪ್ಪತ್ತೈದು ದಾಟಿದರೆ ಯೂರಿಯಾ ನೀರು ಹೀರಲು ಶುರು ಮಾಡುತ್ತದೆ. ಮಳೆಗಾಲದ ಬೆಳಗ್ಗೆ ನಮ್ಮಲ್ಲೂ ಅಷ್ಟು ತೇವ ಇರುತ್ತದೆ. ಗೋಡೆಗೆ ಒತ್ತಿ ಇಟ್ಟ, ಅಡಿಯಲ್ಲಿದ್ದ ನಾಲ್ಕು ಚೀಲ ಕಲ್ಲಾಗಿದ್ದವು. ಹೀಗೆ ಗಟ್ಟಿಯಾದ ಯೂರಿಯಾ ಕೆಟ್ಟಿದೆ ಅಂತ ಎಸೆಯಬೇಕಿಲ್ಲ. ಚೀಲ ಹರಿಯದೆ ಸೋರದೆ ಇದ್ದರೆ ಸಾರಜನಕ ಒಳಗೇ ಇರುತ್ತದೆ, ಕುಟ್ಟಿ ಪುಡಿ ಮಾಡಿ ಹಾಕಬಹುದು. ಹರಿದು ನೆಲದ ಮಣ್ಣಿಗೆ ತಾಗಿ, ಮೂಗಿಗೆ ಅಮೋನಿಯಾ ಘಾಟು ಹೊಡೆಯುತ್ತಿದ್ದರೆ ಮಾತ್ರ ನಷ್ಟ ಶುರುವಾಗಿದೆ ಅಂತ ತಿಳಿಯಬೇಕು.

ಜಾಗ ಬೇರೆ ಮಾಡಲು ಹೊಸ ಕಟ್ಟಡ ಬೇಕಾಗಲಿಲ್ಲ. ಶೆಡ್ಡು ಗೊಬ್ಬರಕ್ಕೆ ಮಾತ್ರ ಅಂತ ಆಯಿತು. ಇಟ್ಟಿಗೆ ಮೇಲೆ ಹಲಗೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಐದು ಚೀಲದ ಎತ್ತರಕ್ಕಿಂತ ಮೇಲೆ ಹೋಗದ ಒಟ್ಟಲು. ಎಂಜಿನ್ನಿನ ಡೀಸೆಲ್ ಕ್ಯಾನನ್ನೂ ಅಲ್ಲಿಂದ ಹೊರಹಾಕಿಸಿದೆ. ಡ್ರಿಪ್ಪಿಗೆ ಬಳಸುವ 13-0-45, ಅಂದರೆ ಪೊಟ್ಯಾಶಿಯಂ ನೈಟ್ರೇಟ್, ಬೆಂಕಿಯನ್ನು ಜೋರು ಮಾಡುವ ಗೊಬ್ಬರ. ಅದರ ಹತ್ತಿರ ಡೀಸೆಲ್ ಆಗಲಿ ಗಂಧಕದ ಪುಡಿ ಆಗಲಿ ಇರಬಾರದು.

ಔಷಧಿಗೆ ಶೆಡ್ಡಿನ ಹೊರಗೆ, ಉತ್ತರದ ಗೋಡೆಯ ನೆರಳಿಗೆ ಬೀಗ ಹಾಕುವ ಎರಡು ಕಬ್ಬಿಣದ ಪೆಟ್ಟಿಗೆ ಕೂರಿಸಿದರು. ಒಂದು ಕಸದ ಔಷಧಿಗೆ ಮಾತ್ರ. ಇನ್ನೊಂದರಲ್ಲಿ ಹುಳದ್ದು ಮತ್ತು ಶಿಲೀಂಧ್ರದ್ದು, ಪುಡಿ ಮೇಲಿನ ಅಂಕಣದಲ್ಲಿ, ದ್ರವ ಕೆಳಗೆ ಬೋಗುಣಿಯಲ್ಲಿ. ದ್ರವ ಸೋರಿದರೆ ಪುಡಿಯ ಪಾಕೀಟಿನ ಮೇಲೆ ಬೀಳದಿರಲಿ ಅಂತ. ಉಳಿದ 2,4-ಡಿ ಅದೇ ಕ್ಯಾನಿನಲ್ಲೇ, ಮುಚ್ಚಳ ಬಿಗಿದು, ಹೆಸರು ಮತ್ತು ಅವಧಿ ಮುಗಿಯುವ ತಾರೀಕು ಬರೆದ ಚೀಟಿ ಅಂಟಿಸಿ ಇಟ್ಟರು. ಮುಂದಿನ ಕಬ್ಬಿಗೆ ಅದೇ ಬಳಸಬೇಕು. ಬೇರೆ ಬಾಟಲಿಗೆ ಸುರಿಯುವುದು ಮಾತ್ರ ಎಂದಿಗೂ ಬೇಡ, ಅದರಲ್ಲೂ ತಂಪು ಪಾನೀಯದ ಬಾಟಲಿಗೆ. ಮಕ್ಕಳಿರುವ ಮನೆ ಅದು.

ಔಷಧಿಯ ಖರೀದಿಗೂ ಲೆಕ್ಕ ಹಾಕಿದೆವು. ಕಡಲೆಯ ಕಾಯಿಕೊರಕಕ್ಕೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಹೆಕ್ಟೇರಿಗೆ 220 ಗ್ರಾಂ, ಎಕರೆಗೆ 88 ಗ್ರಾಂ. ನಾಲ್ಕು ಎಕರೆಗೆ 352. ಒಂದು 250 ಗ್ರಾಂ, ಒಂದು 100 ಗ್ರಾಂ ಪಾಕೀಟು ತಂದರೆ ಅಳತೆಗೆ ಸರಿಹೋಗುತ್ತದೆ, ಮನೆಗೆ ಏನೂ ಉಳಿಯುವುದಿಲ್ಲ. ಹುಳ ಕಾಣುವ ಮೊದಲೇ ತಂದಿಡುವುದೂ ಬೇಡ. ಬೀಜೋಪಚಾರದ ರೈಜೋಬಿಯಂ, ಟ್ರೈಕೋಡರ್ಮಾ ಜೀವ ಇರುವ ಪುಡಿಗಳು. ಅವನ್ನು ಬಿತ್ತುವ ವಾರ ತಂದು ಮನೆಯ ತಂಪು ಜಾಗದಲ್ಲಿ ಇಡಬೇಕು. ಔಷಧಿ ಪೆಟ್ಟಿಗೆಯಲ್ಲಿ ಇಟ್ಟರೆ ಅಲ್ಲೇ ಸಾಯುತ್ತವೆ.

ಬೀಜ ಮನೆಯ ಒಳಗೆ ಬಂತು. ಕಡಲೆ ಬೀಜದ ತೇವ ನೂರಕ್ಕೆ ಒಂಬತ್ತರ ಒಳಗೆ ಇರಬೇಕು. ತೇವ ಒಂದು ಪಾಲು ಇಳಿದರೆ, ಇಲ್ಲವೇ ಜಾಗದ ಬಿಸಿ ಐದು ಡಿಗ್ರಿ ಇಳಿದರೆ, ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ ಅನ್ನುವುದು ಬೀಜ ತಜ್ಞರ ಹಳೆಯ ಸೂತ್ರ. ಮಂಚದ ಕೆಳಗಿನ ಚೀಲ ಗೆದ್ದದ್ದು ಅದಕ್ಕೇ. ಒಣ ಉಪ್ಪಿನ ಜೊತೆ ಕಾಳನ್ನು ಗಾಜಿನ ಬಾಟಲಿಗೆ ಹಾಕಿ ಅಲ್ಲಾಡಿಸಿ, ಉಪ್ಪು ಗಾಜಿಗೆ ಅಂಟುತ್ತದೆಯೇ ನೋಡುವ ಪದ್ಧತಿ ಇದೆ. ಅದು ಹದಿನೈದಕ್ಕಿಂತ ಮೇಲಿನ ತೇವವನ್ನು ಮಾತ್ರ ತೋರಿಸುತ್ತದೆ. ಬೀಜಕ್ಕೆ ಅದು ಸಾಲದು. ಕಾಳು ಹಲ್ಲಿಗೆ ಇಟ್ಟರೆ ಕಟಕ್ ಎಂದು ಒಡೆಯುವ ತನಕ ಒಣಗಿಸಿ, ಸಂಜೆ ಆರಲು ಬಿಟ್ಟು, ಒಳಗೆ ಪ್ಲಾಸ್ಟಿಕ್ ಪದರ ಇರುವ ಗಾಳಿಯಾಡದ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿದರು. ಗಾಳಿ ಮುಗಿದ ಮೇಲೆ ಒಳಗಿನ ಕಾಳು ಕೊರೆಯುವ ಹುಳವೂ ಸಾಯುತ್ತದೆ. ಸರಿಯಾಗಿ ಒಣಗಿಸದೆ ಕಟ್ಟಿದರೆ ಮಾತ್ರ ಅದೇ ಚೀಲ ಬೂಸ್ಟಿನ ಗೂಡಾಗುತ್ತದೆ.

ಈಗ ಆ ಮನೆಯಲ್ಲಿ ಸೆಪ್ಟೆಂಬರ್ ಎರಡನೇ ವಾರ ನೂರು ಕಾಳಿನ ಸುರುಳಿ ಕಟ್ಟುತ್ತಾರೆ. ಎಂಬತ್ತೈದರ ಮೇಲೆ ಮೊಳೆತರೆ ಎಕರೆಗೆ ಇಪ್ಪತ್ತೈದು ಕಿಲೋ. ಎಪ್ಪತ್ತೈದು ಬಂದರೆ ಇಪ್ಪತ್ತೆಂಟು ಕಿಲೋ. ಅರವತ್ತರ ಕೆಳಗೆ ಬಂದರೆ ಬೇರೆ ಬೀಜ ತರಲು ಇನ್ನೂ ತಿಂಗಳು ಸಮಯ ಇರುತ್ತದೆ. ಒಂದು ಕೆಲಸ ಮಾತ್ರ ಬಾಕಿ ಇದೆ. ಕಬ್ಬಿಗೆ ಕಸದ ಔಷಧಿ ಹೊಡೆದ ಪಂಪಿನಲ್ಲೇ ಕಡಲೆಗೂ ಹೊಡೆಯುತ್ತಿದ್ದಾರೆ. ಎಸ್ಟರ್ ಎಣ್ಣೆ ಪಂಪಿನ ರಬ್ಬರ್ ಪೈಪಿನಲ್ಲಿ ಕುಳಿತುಕೊಳ್ಳುತ್ತದೆ, ಬರೀ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಎರಡನೇ ಪಂಪು ಕೊಳ್ಳುವ ತನಕ ಕಾಯಿಕೊರಕದ ಸಿಂಪಡಣೆಗೆ ಪಕ್ಕದ ಹೊಲದವರ ಪಂಪನ್ನು ಕಡ ತರಲು ಹೇಳಿದ್ದೇನೆ.